ಒಕ್ಕಣೆಯಮ್ಮ ಕೈತಪ್ಪಿ ಕಳಿಸಿದ್ದು

ಆ ಕಚೇರಿಯಲ್ಲಿ ಯಾರಿಗಾದರೂ ಒಳ್ಳೆಯದಾಗಲಿ, ಕೆಟ್ಟದ್ದಾಗಲಿ, ಸುದ್ದಿ ತಿಳಿದ ಐದೇ ನಿಮಿಷಕ್ಕೆ ಟಪಾಲು ವಿಭಾಗದ ಮೇಜಿನ ಮುಂದೆ ಜನ ಸೇರುತ್ತಿದ್ದರು. ‘ಮೇಡಂ, ಏನು ಬರೀಲಿ?’ ಎಂಬುದೊಂದೇ ಪ್ರಶ್ನೆ. ನೀರು ಸರಬರಾಜಿನ ಕಚೇರಿ ಅದು. ಕೊಳವೆಗೆ ಎಷ್ಟು ಒತ್ತಡ, ಟ್ಯಾಂಕಿಗೆ ಎಷ್ಟು ಕ್ಲೋರಿನ್ ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುವ ಜನ. ಪಕ್ಕದ ಕುರ್ಚಿಯವನ ಅಪ್ಪ ತೀರಿಕೊಂಡರೆ ಮಾತ್ರ ಫೋನು ಹಿಡಿದುಕೊಂಡು ಬೆಪ್ಪಾಗಿ ನಿಂತುಬಿಡುತ್ತಿದ್ದರು. ಪಾಪ, ದುಃಖ ಇಲ್ಲ ಅಂತಲ್ಲ. ಇದ್ದ ದುಃಖಕ್ಕೆ ಮಾತು ಸಿಗುತ್ತಿರಲಿಲ್ಲ.

ಟಪಾಲಿನ ಹೆಂಗಸಿಗೆ ಸಿಗುತ್ತಿತ್ತು. ಬಂದ ಕಾಗದ ಒಡೆದು, ನಂಬರು ಹಾಕಿ, ರಿಜಿಸ್ಟರಿನಲ್ಲಿ ಬರೆದು, ಸಾಹೇಬರ ಕೋಣೆಗೆ ಕಳಿಸುವುದು ಅವಳ ಕೆಲಸ. ಇಪ್ಪತ್ತೊಂಬತ್ತು ವರ್ಷ ಮಂದಿಯ ಕಾಗದ ಓದಿ ಓದಿ ಯಾವ ಮಾತು ಎಲ್ಲಿ ಚುಚ್ಚುತ್ತದೆ ಎಂಬುದು ಅವಳಿಗೆ ಕರತಲಾಮಲಕವಾಗಿತ್ತು. ಒಕ್ಕಣೆ ಬರೆದುಕೊಡುತ್ತಾಳೆ ಅಂತ ಯಾರೋ ಒಮ್ಮೆ ‘ಒಕ್ಕಣೆಯಮ್ಮ’ ಎಂದರು. ಅದೇ ನಿಂತಿತು. ಸಂಬಳದ ಪಟ್ಟಿಯಲ್ಲಿರುವ ಹೆಸರು ಅವಳ ಗಂಡನಿಗೆ ಮಾತ್ರ ನೆನಪಿತ್ತು. ಅವನೂ ಆಗಾಗ ರೇಗಿಸುತ್ತಿದ್ದ: “ಊರಿಗೆಲ್ಲ ಬರೀತೀಯ. ನನಗೆ ಇಷ್ಟು ವರ್ಷದಲ್ಲಿ ಒಂದು ಸಾಲು ಬರೆದಿದ್ದೀಯೇನೇ?” “ಬರೆದಿದ್ದೀನಲ್ಲ, ಫ್ರಿಜ್ ಮೇಲೆ. ಹಾಲು ತನ್ನಿ ಅಂತ,” ಎನ್ನುತ್ತಿದ್ದಳು ಅವಳು.

ಹುಡುಗಾಟದ ಮಾತಲ್ಲ, ಆ ವಿದ್ಯೆಗೂ ಅದರದ್ದೇ ಕಟ್ಟುನಿಟ್ಟು ಇತ್ತು. ಸಾವಿನ ಮನೆಗೆ ಬರೆಯುವಾಗ ಹೇಗಾಯ್ತು, ಎಷ್ಟು ಹೊತ್ತಿಗಾಯ್ತು ಅಂತ ಕೇಳಲು ಬಿಡುತ್ತಿರಲಿಲ್ಲ. “ನೀವೇನು ಪೊಲೀಸರಾ?” ಎನ್ನುತ್ತಿದ್ದಳು. ಕಾಲವೇ ಎಲ್ಲ ಮರೆಸುತ್ತೆ ಅಂತ ಬರೆದರೆ ಹೊಡೆದುಹಾಕುತ್ತಿದ್ದಳು. ಮರೆಯಬೇಕು ಅಂತ ಅವರು ಕೇಳಿದ್ದರೇ? ‘ನಮ್ಮ ಮಾವನಿಗೂ ಹೀಗೇ ಆಗಿತ್ತು’ ಎಂದು ತಮ್ಮ ಪುರಾಣ ಬಿಚ್ಚುವವರನ್ನು ಕಂಡರಂತೂ ಮೈಯೆಲ್ಲ ಉರಿ. ‘ಏನು ಬೇಕಾದ್ರೂ ಹೇಳಿ’ ಎನ್ನುವುದೂ ಕೂಡದು. ಅಳುತ್ತಿರುವವರು ಪಟ್ಟಿ ಮಾಡಿ ಹೇಳುತ್ತಾರೆಯೇ? ಸೋಮವಾರದ ನಿಮ್ಮ ಕೆಲಸ ನಾನು ನೋಡ್ಕೋತೀನಿ ಅಂತ ಬರೆಯಿರಿ, ಬರೆದ ಮೇಲೆ ನೋಡಿಕೊಳ್ಳಿ. ಕೊನೆಗೆ ‘ಉತ್ತರ ಬರೆಯಬೇಕಾಗಿಲ್ಲ’ ಅಂತ ಸೇರಿಸಿ ಮುಗಿಸಿ.

ಬಡ್ತಿಗೂ ಹಾಗೆಯೇ. “ಅಂತೂ ಬಂತು ಅನ್ನಬೇಡಿ. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಕೇಳಿದ ಹಾಗಾಗುತ್ತೆ. ಪಾರ್ಟಿ ಯಾವಾಗ ಅಂತಂತೂ ಕೇಳಲೇಬೇಡಿ. ಅವರು ಮಾಡಿದ ಒಂದು ಕೆಲಸ ನೆನಪಿಸಿಕೊಳ್ಳಿ, ಅದನ್ನು ಹೇಳಿ. ನೆನಪಾಗಲಿಲ್ವಾ? ಹಾಗಾದ್ರೆ ಅಭಿನಂದನೆ ಅಂತ ಒಂದೇ ಮಾತು ಹಾಕಿ ಸುಮ್ಮನಾಗಿ.” ಟೈಪಿಸ್ಟ್ ಹುಡುಗಿಗೆ ಐದನೇ ತಿಂಗಳಲ್ಲಿ ಗರ್ಭ ಇಳಿದಾಗ ಅರ್ಧ ಕಚೇರಿ ‘ಇನ್ನೊಂದು ಆಗುತ್ತೆ ಬಿಡು’ ಎಂದು ಬರೆಯಹೊರಟಿತ್ತು. ಒಕ್ಕಣೆಯಮ್ಮ ಅಷ್ಟೂ ಜನರ ಬಾಯಿ ಮುಚ್ಚಿಸಿ ಬರೆಸಿದ್ದು ಇಷ್ಟೇ: ‘ತುಂಬ ಬೇಜಾರಾಯ್ತು. ನೀನು ಬಂದಾಗ ಯಾರೂ ಏನೂ ಕೇಳಲ್ಲ. ನಿನಗೆ ಹೇಳಬೇಕು ಅನ್ನಿಸಿದರೆ ಕೇಳೋಕೆ ನಾವಿದ್ದೀವಿ.’ ಆ ಹುಡುಗಿ ಇವತ್ತಿಗೂ ಅದನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ.

ಇಷ್ಟೆಲ್ಲ ಬಲ್ಲ ಹೆಂಗಸು ಮಾಡಿದ ತಪ್ಪು ನೋಡಿ!

ಮೇಜಿನ ಮುಂದೆ ಸಾಲು ನಿಲ್ಲುವುದು ಬೇಡವೆಂದು ಸಿಬ್ಬಂದಿಯವರೇ ಫೋನಿನಲ್ಲಿ ‘ಒಕ್ಕಣೆ’ ಎಂಬ ಗುಂಪೊಂದು ಮಾಡಿಕೊಂಡಿದ್ದರು. ಯಾರಿಗೆ ಬರೆಯಬೇಕೋ ಅವರನ್ನು ಅಷ್ಟು ದಿನ ಗುಂಪಿನಿಂದ ಹೊರಗಿಡುವುದು, ಒಕ್ಕಣೆಯಮ್ಮ ಒಂದು ಮಾದರಿ ಹಾಕುವುದು, ಉಳಿದವರು ಅದನ್ನು ನೋಡಿ ತಮ್ಮ ತಮ್ಮ ಮಾತಿಗೆ ತಿರುಗಿಸಿಕೊಂಡು ಕಳಿಸುವುದು. ತಿರುಗಿಸಿಕೊಳ್ಳಿ ಎಂದು ಅವಳು ಬಡಿದುಕೊಂಡದ್ದೇ ಬಂತು. ಎಲ್ಲರೂ ಇದ್ದದ್ದನ್ನು ಇದ್ದ ಹಾಗೆಯೇ ನಕಲು ಹೊಡೆದು ಕಳಿಸುತ್ತಿದ್ದರು. ಮಾದರಿ ಸಪ್ಪೆಯಾಗಿರುತ್ತಿದ್ದುದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಲ್ಯಾಬಿನಾತನ ಅಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡಳು ಎಂಬ ಸುದ್ದಿ ಬಂತು.

ಲ್ಯಾಬಿನಾತ ಎಂದರೆ ನೀರಿನ ಮಾದರಿ ಪರೀಕ್ಷಿಸುವವನು. ಟಪಾಲಿನ ಎದುರಿನ ಕೋಣೆಯೇ ಅವನದು. ನಲವತ್ತಾರು ವರ್ಷ, ಮದುವೆಯಾಗಿಲ್ಲ, ಮಾತು ಕಡಿಮೆ. ತಾಯಿ ಇಲ್ಲದ ಅವನನ್ನು ಆರು ವರ್ಷದವನಿದ್ದಾಗಿನಿಂದ ಸಾಕಿದವಳು ಹನ್ನೆರಡು ವರ್ಷ ದೊಡ್ಡವಳಾದ ಆ ಅಕ್ಕ. ಗಾಜಿನ ಕೊಳವೆಗಳ ಮುಂದೆ ಕೂತರೆ ಅವನಿಗೆ ಹಸಿವೆ ಗೊತ್ತಾಗುತ್ತಿರಲಿಲ್ಲ, ತನ್ನ ಫೋನನ್ನು ಡ್ರಾಯರಿನಲ್ಲಿ ಹಾಕಿಬಿಡುತ್ತಿದ್ದ. ಹಾಗಾಗಿ ಅಕ್ಕ ದಿನಾ ಒಂದು ಗಂಟೆಗೆ ಒಕ್ಕಣೆಯಮ್ಮನ ಮೇಜಿನ ಮೇಲಿದ್ದ ಕಚೇರಿಯ ಫೋನಿಗೆ ಕರೆ ಮಾಡುತ್ತಿದ್ದಳು. “ನಮ್ಮ ಹುಡುಗ ಊಟ ಮಾಡಿದ್ನಾ?” ಒಕ್ಕಣೆಯಮ್ಮ ಎದ್ದು ಹೋಗಿ ಎದುರಿನ ಬಾಗಿಲು ಬಡಿದು, ತಲೆ ನರೆತ ಆ ಹುಡುಗನನ್ನು ಊಟಕ್ಕೆಬ್ಬಿಸಿ ಬಂದು, “ಕೂತರು” ಎನ್ನುತ್ತಿದ್ದಳು. ಹದಿನೆಂಟು ವರ್ಷ ಹೀಗೇ ನಡೆದಿತ್ತು. ಆ ಹೆಂಗಸರಿಬ್ಬರೂ ಒಮ್ಮೆಯೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಕಚೇರಿಯಲ್ಲಿ ಮತ್ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ಲ್ಯಾಬಿನಾತನಿಗೆ ನಾಚಿಕೆ, ಇವಳಿಗೆ ಅವನ ಮರ್ಯಾದೆಯ ಚಿಂತೆ.

ಸುದ್ದಿ ಕೇಳಿದ ಒಕ್ಕಣೆಯಮ್ಮ ಕೂತು ಎರಡು ಒಕ್ಕಣೆ ಬರೆದಳು. ಒಂದು ಎಲ್ಲರಿಗೂ ಆಗುವಂಥದ್ದು: ‘ತಮ್ಮ ಸಹೋದರಿಯವರ ನಿಧನದ ಸುದ್ದಿ ತಿಳಿದು ವಿಷಾದವಾಯಿತು. ಈ ದುಃಖದಲ್ಲಿ ಸಿಬ್ಬಂದಿ ವರ್ಗ ತಮ್ಮೊಂದಿಗಿದೆ.’ ಇನ್ನೊಂದು ಅವಳದೇ: ‘ಅಕ್ಕನ ಮುಖ ನಾನು ನೋಡಿರಲಿಲ್ಲ, ಧ್ವನಿ ಗೊತ್ತಿತ್ತು. ದಿನಾ ಒಂದು ಗಂಟೆಗೆ ನನಗೆ ಫೋನ್ ಮಾಡಿ ನಮ್ಮ ಹುಡುಗ ಊಟ ಮಾಡಿದ್ನಾ ಅಂತ ಕೇಳ್ತಿದ್ರು. ಅಷ್ಟು ಪ್ರೀತಿಯಿಂದ ಇನ್ನೊಬ್ಬರ ವಿಷಯ ಕೇಳೋದನ್ನ ನಾನು ಬೇರೆಲ್ಲೂ ಕೇಳಿಲ್ಲ. ಉತ್ತರ ಬರೆಯಬೇಡಿ.’ ಕಣ್ಣು ಮಂಜಾಗಿತ್ತು. ಎರಡನ್ನೂ ಕಳಿಸಿ, ಫೋನು ಚೀಲಕ್ಕೆ ಹಾಕಿ, ಬಂದಿದ್ದ ಟಪಾಲು ಒಡೆಯತೊಡಗಿದಳು.

ಮಧ್ಯಾಹ್ನ ಡ್ರೈವರ್ ಬಂದು, “ಮೇಡಂ, ಏನ್ ಬರೆದಿದ್ರಿ! ಓದಿ ನನಗೇ ಅಳು ಬಂತು. ಹಾಗೇ ಕಳಿಸ್ದೆ,” ಎಂದ. ಚೀಲದಿಂದ ಫೋನು ತೆಗೆದು ನೋಡುತ್ತಾಳೆ, ತನ್ನ ಸ್ವಂತದ ಮಾತು ಒಕ್ಕಣೆ ಗುಂಪಿನಲ್ಲಿ ಕೂತಿದೆ. ಸಿಬ್ಬಂದಿ ವರ್ಗದ ಸಪ್ಪೆ ಮಾತು ಲ್ಯಾಬಿನಾತನಿಗೆ ಹೋಗಿದೆ. ಗುಂಪಿನಿಂದ ಅಳಿಸಿದಳು, ನಿಜ. ಅಷ್ಟರಲ್ಲಿ ಮೂವತ್ತೆಂಟು ಜನ ನಕಲು ಮಾಡಿ ಕಳಿಸಿ ಆಗಿತ್ತು. ‘ದಿನಾ ಒಂದು ಗಂಟೆಗೆ ನನಗೆ ಫೋನ್ ಮಾಡಿ’ ಎಂದು ಡ್ರೈವರ್ ಬರೆದಿದ್ದ, ಅಕೌಂಟ್ಸಿನವರು ಬರೆದಿದ್ದರು, ಸಾಹೇಬರು ಬರೆದಿದ್ದರು, ಕೆಲಸಕ್ಕೆ ಸೇರಿ ಎಂಟೇ ದಿನವಾಗಿದ್ದ ಮೀಟರ್ ಓದುವವನೂ ಬರೆದಿದ್ದ. ಒಬ್ಬರಾದರೂ ಓದಿ ನೋಡಬಾರದೇ? ಓದಿದ್ದರಂತೆ! ಚೆನ್ನಾಗಿದೆ ಎನ್ನಿಸಿತಂತೆ!

ನಗಬೇಕೋ ಅಳಬೇಕೋ ತಿಳಿಯದ ಸ್ಥಿತಿ. ನಗಲಂತೂ ಆಗಲಿಲ್ಲ. ಹದಿನೆಂಟು ವರ್ಷ ಯಾರ ಮುಂದೆಯೂ ಬಾಯಿಬಿಡದಿದ್ದ ವಿಷಯವನ್ನು ಒಂದೇ ಬೆಳಿಗ್ಗೆ ಊರಿಗೆಲ್ಲ ಹಂಚಿಬಿಟ್ಟಿದ್ದಳು. ಅದು ಇವಳೊಬ್ಬಳಿಗೇ ಗೊತ್ತಿದ್ದದ್ದು ಎಂಬುದು ಅವನಿಗೆ ತಿಳಿಯದೇ? ಸತ್ತ ಅಕ್ಕನನ್ನು ಕಚೇರಿಯವರ ಬಾಯಿಚಪಲಕ್ಕೆ ಕೊಟ್ಟಳು ಎಂದುಕೊಳ್ಳುವುದಿಲ್ಲವೇ?

ತಕ್ಷಣ ಬರೆದು ವಿವರಿಸೋಣವೆಂದರೆ ಅದೂ ಆಗಲಿಲ್ಲ. ಬೇರೆಯವರಿಗೆ ಅವಳೇ ಹೇಳಿಕೊಟ್ಟ ಪಾಠ ಅಡ್ಡ ಬಂತು. ಅಕ್ಕನ ದುಃಖದಲ್ಲಿ ಕೂತವನಿಗೆ ‘ನನ್ನ ತಪ್ಪಾಯ್ತು, ಕ್ಷಮಿಸಿ’ ಅಂತ ಬರೆದರೆ, ಕ್ಷಮಿಸುವ ಕೆಲಸವೂ ಅವನ ತಲೆಯ ಮೇಲೇ ಬೀಳುತ್ತದಲ್ಲ. ಸುಮ್ಮನಾದಳು. ರಾತ್ರಿ ಊಟ ಸೇರಲಿಲ್ಲ. ಗಂಡ ಕೇಳಿದ್ದಕ್ಕೆ, “ನನ್ನ ಬುದ್ಧಿಗೆ ಬೆಂಕಿ ಬಿತ್ತು,” ಎಂದಷ್ಟೇ ಹೇಳಿದಳು.

ಹನ್ನೊಂದು ದಿನ ಕಳೆದವು. ಲ್ಯಾಬಿನಾತ ರಜೆಯಲ್ಲೇ ಇದ್ದ. ಅಷ್ಟರಲ್ಲಿ ಕೇಂದ್ರ ಕಚೇರಿಯಿಂದ ಅವನ ಬಡ್ತಿಯ ಆದೇಶ ಬಂತು. ಒಕ್ಕಣೆಯಮ್ಮನೇ ಲಕೋಟೆ ಒಡೆದು, ರಿಜಿಸ್ಟರಿನಲ್ಲಿ ಬರೆದು, ಉಳಿದ ಕಾಗದಗಳ ಜೊತೆ ಸಾಹೇಬರಿಗೆ ಕಳಿಸಿದಳು. ಅವನ ಹೆಸರಿಗೆ ಬಂದ ಪ್ರತಿಯನ್ನು ಮನೆಗೆ ತಲುಪಿಸುವ ವ್ಯವಸ್ಥೆಯೂ ಆಯಿತು. ಗಳಿಗೆಯಲ್ಲಿ ಜನ ಮೇಜಿನ ಮುಂದೆ ಹಾಜರ್.

“ಮೇಡಂ, ಒಕ್ಕಣೆ?”

“ಇಲ್ಲ.”

“ಒಂದೇ ಒಂದು ಸಾಲು...”

“ಅರ್ಧ ಸಾಲೂ ಇಲ್ಲ. ಮನೆಯಲ್ಲಿ ಸಾವಾಗಿ ಹನ್ನೊಂದು ದಿನ ಆಗಿದೆ ಅವರಿಗೆ. ಇವತ್ತು ಗುಂಪಲ್ಲಿ ಯಾರೂ ಏನೂ ಹಾಕಬೇಡಿ. ಬರೆಯಲೇಬೇಕು ಅನ್ನಿಸಿದರೆ ಒಬ್ಬೊಬ್ಬರೇ, ನಿಮ್ಮದೇ ಮಾತಲ್ಲಿ, ಅವರೊಬ್ಬರಿಗೇ ಬರೀರಿ.”

ಹೇಳಿ ಮುಗಿಸುವ ಮೊದಲೇ ಸಾಹೇಬರು ಲ್ಯಾಬಿನಾತನೂ ಇದ್ದ ಕಚೇರಿಯ ದೊಡ್ಡ ಗುಂಪಿನಲ್ಲಿ ಹಾಕಿಬಿಟ್ಟಿದ್ದರು: ‘ಅಂತೂ ಬಂತು! ಹಾರ್ದಿಕ ಅಭಿನಂದನೆ! ಪಾರ್ಟಿ ಯಾವಾಗ?’ ಹಿಂದೆಯೇ ಹೂಗುಚ್ಛ, ಕೇಕು, ಚಪ್ಪಾಳೆ. ಸಾಹೇಬರೂ ಕೆಟ್ಟವರಲ್ಲ. ಸಂತೋಷದ ಸುದ್ದಿ ಕೊಟ್ಟರೆ ಅವನ ಮನಸ್ಸು ಸ್ವಲ್ಪ ಹಗುರಾದೀತು ಅಂದುಕೊಂಡವರು. ಇಪ್ಪತ್ತು ನಿಮಿಷದ ಮೇಲೆ ಪರದೆಯಲ್ಲಿ ಒಂದು ಸಣ್ಣ ಸಾಲು ಮೂಡಿತು: ಲ್ಯಾಬಿನಾತ ಗುಂಪಿನಿಂದ ಹೊರಗೆ ಹೋಗಿದ್ದ.

ಮೂರು ದಿನ ಬಿಟ್ಟು ಬೆಳಗಿನ ಟಪಾಲಿನಲ್ಲಿ ಅವನ ಕೈಬರಹದ ಲಕೋಟೆ ಬಂತು. ಒಳಗೆ ನಾಲ್ಕೇ ಸಾಲು. ಬಡ್ತಿಯನ್ನು ನಾನು ಒಪ್ಪಿಕೊಳ್ಳುವುದಿಲ್ಲ, ದಯವಿಟ್ಟು ಈಗಿರುವ ಹುದ್ದೆಯಲ್ಲೇ ಮುಂದುವರಿಸಬೇಕು.

ಒಕ್ಕಣೆಯಮ್ಮ ಆ ನಾಲ್ಕು ಸಾಲನ್ನು ಮತ್ತೊಮ್ಮೆ ಓದಿದಳು. ಆ ಬಡ್ತಿಗೆ ಅವನು ಒಂಬತ್ತು ವರ್ಷ ಕಾದಿದ್ದ. ನಾಲ್ಕು ಗಂಟೆಗೆ ಕಾಗದಗಳ ಕಟ್ಟು ಸಾಹೇಬರ ಕೋಣೆಗೆ ಹೋಗುತ್ತದೆ, ಅವರು ‘ಒಪ್ಪಿದೆ’ ಎಂದು ಗೀಚುತ್ತಾರೆ, ಪಟ್ಟಿಯಲ್ಲಿ ಅವನ ಹಿಂದಿರುವವನಿಗೆ ಹುದ್ದೆ ಹೋಗುತ್ತದೆ. ಆಮೇಲೆ ಕಣ್ಣೀರು ಹಾಕಿದರೂ ವಾಪಸ್ ಬರುವುದಿಲ್ಲ. ಇದೆಲ್ಲ ತನ್ನಿಂದಲೇ ಆದದ್ದು, ಈ ಕಚೇರಿಯ ಮುಖ ನೋಡಲು ಅವನಿಗೆ ಹೇಸಿಗೆಯಾಗಿದೆ, ಎಂದೇ ಅವಳಿಗೆ ಖಾತ್ರಿಯಾಯಿತು. ಕಾಗದವನ್ನು ಡ್ರಾಯರಿಗೆ ಸೇರಿಸಿ ಎರಡು ದಿನ ಮರೆತಂತೆ ಮಾಡಿದರೆ ಯಾರು ಕೇಳುತ್ತಾರೆ? ಆ ಯೋಚನೆಯೂ ಬಂತು, ಸುಳ್ಳೇಕೆ. ಆದರೆ ಅವನ ಕಾಗದವನ್ನು ಒಮ್ಮೆ ಕೈತಪ್ಪಿ ಕೆಡಿಸಿದ್ದಾಯಿತು, ಈಗ ಬೇಕಂತಲೇ ಕೆಡಿಸುವುದೇ? ನಂಬರು ಹಾಕಿದಳು, ರಿಜಿಸ್ಟರಿನಲ್ಲಿ ಬರೆದಳು, ಕಟ್ಟಿನಲ್ಲಿ ಇಟ್ಟಳು.

ಇಟ್ಟ ಮೇಲೆ ಫೋನು ತೆಗೆದಳು. ಮೊದಲು ಬರೆದದ್ದು ಒಂದು ಪುಟ. ಅವಸರಪಡಬೇಡಿ, ಅಕ್ಕ ಇದ್ದಿದ್ದರೆ ಏನನ್ನುತ್ತಿದ್ದರು, ಭವಿಷ್ಯ ಯೋಚಿಸಿ. ಓದಿ ನೋಡಿದಳು. ಇದೇ ಮಾತನ್ನು ಬೇರೆಯವರು ಬರೆದು ತಂದಿದ್ದರೆ ಹರಿದು ಮುಖದ ಮೇಲೆ ಎಸೆಯುತ್ತಿದ್ದಳು. ಅಕ್ಕ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ಅವಳ ತಮ್ಮನಿಗೆ ಹೇಳಲು ಇವಳು ಯಾರು? ಎಲ್ಲ ಅಳಿಸಿದಳು. ಹನ್ನೊಂದರಿಂದ ಹನ್ನೆರಡೂವರೆಯವರೆಗೆ ಬರೆಯುವುದು, ಅಳಿಸುವುದು. ಕೊನೆಗೆ ಉಳಿದದ್ದು ಇದು:

‘ಅವತ್ತು ಎಲ್ಲರಿಂದ ನಿಮಗೆ ಬಂದ ಮಾತು ನಾನು ನಿಮಗಂತ ಬರೆದಿದ್ದು. ಕೈತಪ್ಪಿ ಅವರಿಗೆ ಹೋಯ್ತು, ಅವರ ಪಾಲಿನದು ನಿಮಗೆ ಬಂತು. ಅವರ ತಪ್ಪಿಲ್ಲ, ನನ್ನದು. ನಿಮ್ಮ ಪತ್ರ ಇವತ್ತು ಬಂದಿದೆ, ನಾಲ್ಕು ಗಂಟೆಗೆ ಸಾಹೇಬರ ಹತ್ತಿರ ಹೋಗುತ್ತೆ. ನಿಮಗೆ ಗೊತ್ತಿರಲಿ ಅಂತ ಹೇಳಿದೆ, ಬೇರೆ ಏನೂ ಹೇಳಲ್ಲ. ಹೋದ ಬೇಸಿಗೆಯಲ್ಲಿ ಮೂರನೇ ಸಲ ಮಾದರಿ ತೆಗೆದು, ಈ ಟ್ಯಾಂಕಿನ ನೀರು ಬಿಡಬೇಡಿ ಅಂತ ಗಟ್ಟಿಯಾಗಿ ನಿಂತವರು ನೀವೊಬ್ಬರೇ. ಆ ಬಡ್ತಿ ನಿಮಗೆ ಬಂದಿದ್ದಕ್ಕೆ ನನಗೆ ಸಂತೋಷ. ಅದನ್ನು ಇಟ್ಕೊಳ್ಳೋದು, ಬಿಡೋದು ನಿಮ್ಮಿಷ್ಟ. ಉತ್ತರ ಬೇಡ.’

ಈ ಸಲ ಯಾರಿಗೆ ಹೋಗುತ್ತಿದೆ ಎಂದು ಮೂರು ಸಲ ನೋಡಿ ಕಳಿಸಿದಳು.

ಮೂರು ಗಂಟೆಗೆ ಲ್ಯಾಬಿನಾತ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು, ಅಂಗಿ ಸಡಿಲವಾಗಿತ್ತು. ಒಕ್ಕಣೆಯಮ್ಮ ಎದ್ದು ನಿಂತಳು. ಇಪ್ಪತ್ತೊಂಬತ್ತು ವರ್ಷದ ಒಕ್ಕಣೆಯೆಲ್ಲ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು “ಕೂತ್ಕೊಳ್ಳಿ” ಎಂಬುದೊಂದೇ.

ಅವನು ಸ್ಟೂಲೆಳೆದು ಕೂತ. “ಕೋಪ ಬಂದಿತ್ತು ಮೇಡಂ. ನಿಮ್ಮ ಮೇಲೇ. ಒಂದೆರಡು ದಿನ,” ಎಂದ. “ಆಮೇಲೆ ಒಂದು ಸಲ ಕೂತು ಎಲ್ಲ ಓದ್ದೆ. ಡ್ರೈವರ್‌ಗೂ ಅಕ್ಕ ಫೋನ್ ಮಾಡ್ತಿದ್ಲಂತೆ. ಸಾಹೇಬರಿಗೂ ಅಂತೆ. ಸಾಹೇಬರು ಎದ್ದು ಬಂದು ನನ್ನನ್ನ ಊಟಕ್ಕೆ ಎಬ್ಬಿಸೋದು ಕಣ್ಣ ಮುಂದೆ ಬಂದು ನಗು ತಡೆಯೋಕಾಗಲಿಲ್ಲ. ಮನೇಲಿ ಒಬ್ಬನೇ ಬಿದ್ದೂಬಿದ್ದು ನಕ್ಕೆ. ಆವಾಗಲೇ ಅಂದ್ಕೊಂಡೆ, ಇದೇನೋ ಎಡವಟ್ಟಾಗಿದೆ, ನೀವು ಅಂಥವರಲ್ಲ ಅಂತ.”

“ಮತ್ತೆ ಈ ಪತ್ರ ಯಾಕೆ?”

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬೇರೆ ಏನೂ ಹೇಳಲ್ಲ ಎಂದು ಬರೆದು ಮೂರು ಗಂಟೆಯೂ ಆಗಿರಲಿಲ್ಲ. ಅವನು ಮಾತ್ರ ಬೇಸರಪಡಲಿಲ್ಲ. ಹೇಳಲೆಂದೇ ಬಂದವನ ಹಾಗೆ ತಲೆ ತಗ್ಗಿಸಿಕೊಂಡು ಹೇಳಿದ.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಿಂದಿನ ದಿನ, ಗುರುವಾರ ಸಂಜೆ, ಅಕ್ಕ ಕೇಳಿದ್ಲು, ನಿನ್ನ ಬಡ್ತಿ ಏನಾಯ್ತೋ ಅಂತ. ಉಸಿರಾಡೋಕೇ ಕಷ್ಟ, ಅಂಥಾದ್ರಲ್ಲಿ ಅದನ್ನ ಕೇಳ್ತಾಳೆ. ನಾನು ಆರ್ಡರ್ ಆಯ್ತು ಅಕ್ಕಾ ಅಂದ್ಬಿಟ್ಟೆ. ಸುಳ್ಳು. ಅವಳಿಗೆ ಎಷ್ಟು ಖುಷಿಯಾಯ್ತು ಅಂದ್ರೆ, ನರ್ಸನ್ನ ಕರೆದು ಹೇಳಿದ್ಲು. ನನ್ನ ತಲೆ ಸವರಿ, ಗೆದ್ದೆ ಕಣೋ ಅಂದ್ಲು. ಬೆಳಿಗ್ಗೆ ಹೊರಟೇ ಹೋದ್ಲು. ಆರು ವರ್ಷದವನಿದ್ದಾಗಿಂದ ಸಾಕಿದವಳಿಗೆ ನಾನು ಕೊನೆಗೆ ಹೇಳಿದ್ದು ಸುಳ್ಳು ಮೇಡಂ. ಈಗ ನಿಜವಾಗಿ ಬಂದಿದೆ. ಅಭಿನಂದನೆ, ಕೇಕು, ಚಪ್ಪಾಳೆ. ಯಾವ ಮುಖ ಇಟ್ಕೊಂಡು ತಗೊಳ್ಳಲಿ? ಮನೆಗೆ ಬಂದ ಆ ಆರ್ಡರ್ ಲಕೋಟೆ ಒಡೆದೂ ನೋಡಿಲ್ಲ ನಾನು.”

ಒಳ್ಳೆ ಮನಸ್ಸಿನಿಂದ ಹೇಳಿದ್ದಲ್ವಾ, ಅದರಲ್ಲೇನು ತಪ್ಪು, ಎಂಬ ಮಾತು ಒಕ್ಕಣೆಯಮ್ಮನ ನಾಲಿಗೆಯ ತುದಿಗೆ ಬಂತು. ಯಾರು ಬೇಕಾದರೂ ಹೇಳುವ ಮಾತು ಅದು. ನುಂಗಿಕೊಂಡಳು. ಕಣ್ಣಲ್ಲಿ ನೀರು ಬಂದದ್ದನ್ನು ಮಾತ್ರ ನುಂಗಲಾಗಲಿಲ್ಲ. ಅತ್ತಳು. ಅವನೂ ಅತ್ತ. ಕಾಗದ ಕೇಳಲು ಬಂದ ಯಾರೋ ಬಾಗಿಲ ತನಕ ಬಂದು ಹಾಗೇ ತಿರುಗಿ ಹೋದರು.

ಮೂಗು ಒರೆಸಿಕೊಳ್ಳುತ್ತಿದ್ದವಳು ಫಕ್ಕನೆ ಕೈ ನಿಲ್ಲಿಸಿದಳು.

“ಗುರುವಾರ ಅಂದ್ರೆ ಒಂಬತ್ತನೇ ತಾರೀಖಲ್ವಾ?”

“ಹೌದು. ಯಾಕೆ?”

ಅವಳು ರಿಜಿಸ್ಟರು ಎಳೆದುಕೊಂಡು ಹಾಳೆ ತಿರುವಿದಳು. ಬಂದ ಪ್ರತಿ ಕಾಗದಕ್ಕೂ ಅದರಲ್ಲಿ ಎರಡು ತಾರೀಖು ಬರೆಯಬೇಕು. ಕಾಗದ ನಮಗೆ ತಲುಪಿದ್ದು ಯಾವತ್ತು, ಕಳಿಸಿದವರು ಅದಕ್ಕೆ ಸಹಿ ಹಾಕಿದ್ದು ಯಾವತ್ತು. ದಿನಕ್ಕೆ ಅರವತ್ತು ಕಾಗದ ಬರೆಯುವ ಕೈ, ಬರೆದದ್ದು ಮನಸ್ಸಿಗೆ ಹೋಗಿರಲಿಲ್ಲ. ಸಾಲು ಸಿಕ್ಕಿತು. ರಿಜಿಸ್ಟರನ್ನು ಅವನ ಕಡೆಗೆ ತಿರುಗಿಸಿ ಬೆರಳಿಟ್ಟಳು. ಬಂದದ್ದು ಇಪ್ಪತ್ತೊಂದಕ್ಕೆ. ಆದೇಶಕ್ಕೆ ಸಹಿ ಬಿದ್ದದ್ದು ಒಂಬತ್ತಕ್ಕೆ. ಎರಡು ಬೀದಿಯಾಚೆಗಿರುವ ಕೇಂದ್ರ ಕಚೇರಿಯಿಂದ ಆ ಕಾಗದ ನಡೆದು ಬರಲು ಹನ್ನೆರಡು ದಿನ ತೆಗೆದುಕೊಂಡಿತ್ತು!

“ನೀವು ಸಂಜೆ ಹೇಳಿದ್ರಿ. ಕೇಂದ್ರ ಕಚೇರಿ ಐದಕ್ಕೆ ಮುಚ್ಚುತ್ತೆ,” ಎಂದಳು. “ನೀವು ಹೇಳೋ ಹೊತ್ತಿಗೆ ಆರ್ಡರ್ ಆಗಿತ್ತು.”

ಅವನು ಬಹಳ ಹೊತ್ತು ಆ ಸಾಲನ್ನೇ ನೋಡಿದ. ತನ್ನ ಕೊಳವೆಯ ನೀರಿನ ಬಣ್ಣ ನೋಡುವಂತೆ ಬಗ್ಗಿ, ಹತ್ತಿರದಿಂದ, ಎರಡೆರಡು ಸಲ. ಆಮೇಲೆ ಕರವಸ್ತ್ರದಿಂದ ಮುಖ ಪೂರ್ತಿ ಒರೆಸಿಕೊಂಡ.

“ಆ ಪತ್ರ ವಾಪಸ್ ಕೊಡ್ತೀರಾ?”

“ನಂಬರು ಬಿದ್ದಿದೆ, ಹಾಗೆಲ್ಲ ಕೊಡೋಕಾಗಲ್ಲ. ಹಿಂತೆಗೆದುಕೊಂಡಿದ್ದೀನಿ ಅಂತ ಒಂದು ಸಾಲು ಬರೆದುಕೊಡಿ, ಅದನ್ನೂ ಜೊತೆಗೆ ಇಡ್ತೀನಿ.” ಗಡಿಯಾರ ನೋಡಿದಳು. “ಇನ್ನೂ ಹದಿನೈದು ನಿಮಿಷ ಇದೆ.”

ಹಾಳೆ ತೆಗೆದುಕೊಂಡು ಅವನು ಬರೆದ, ಸಹಿ ಹಾಕಿದ. ಕೊಡುವ ಮೊದಲು ತಲೆಯೆತ್ತಿ, ತನಗೆ ತಾನೇ ಅಂದುಕೊಳ್ಳುವವನಂತೆ ಹೇಳಿದ.

“ಹಾಗಾದ್ರೆ ನನಗೆ ಮೊದಲು ಅಭಿನಂದನೆ ಹೇಳಿದ್ದು ಅಕ್ಕ.”

“ಹೌದು. ನಾವೆಲ್ಲ ಆಮೇಲೆ,” ಎಂದಳು ಒಕ್ಕಣೆಯಮ್ಮ.